ಹದಿನಾಲ್ಕು ಪದ್ಯ, ಒಂದು ಬಾವಿ

(ಬಸವನಗುಡಿಯ ಒಂದು ಮನೆಯ ಮಹಡಿಯಲ್ಲಿ ಭಾನುವಾರ ಬೆಳಗ್ಗೆ ಪದ್ಯ ಬರೆಯುವ ಮೂವತ್ತು ಜನರ ಮುಂದೆ ಆಡಿದ ಮಾತುಗಳು. ಬರೆಯುವಾಗ ಅಲ್ಲಲ್ಲಿ ಸ್ವಲ್ಪ ಬೆಳೆಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಒಂದೇ ಪ್ರತೀಕವನ್ನು ಹಲವು ಪದ್ಯಗಳಲ್ಲಿ ಹೇಗೆ ತರೋದು, ತಂದರೂ ಅದು ಸವೆಯದ ಹಾಗೆ ಹೇಗೆ ನೋಡಿಕೊಳ್ಳೋದು ಅಂತ ಮಾತಾಡಲು ಕರೆದಿದ್ದೀರಿ. ನನಗೆ ಗೊತ್ತಿರುವುದು ಒಂದೇ ಒಂದು ಉದಾಹರಣೆ, ನನ್ನದೇ ಬಾವಿ. ಅದನ್ನು ಎರಡು ವರ್ಷ ತಿದ್ದಿದ್ದೇನೆ. ಅದನ್ನೇ ಬಿಚ್ಚಿ ಹೇಳುತ್ತೇನೆ.

ಚಾಮರಾಜಪೇಟೆಯಲ್ಲಿ ನಮ್ಮ ಅಜ್ಜಿಯ ಮನೆ ಇತ್ತು. ಹಿತ್ತಲಲ್ಲಿ ಬಾವಿ. ಐದು ಅಡಿ ಅಗಲ, ಮೂವತ್ತೈದು ಅಡಿ ಆಳ, ಕಲ್ಲಿನ ಕಟ್ಟೆ, ಮೇಲೆ ಕಬ್ಬಿಣದ ರಾಟೆ. ಅಮ್ಮ ಮದುವೆಯಾಗಿ ಬಂದ ಮೇಲೆ ಹದಿನೆಂಟು ವರ್ಷ ಅದರಲ್ಲಿ ನೀರು ಸೇದಿದಳು. ಆಮೇಲೆ ನಲ್ಲಿ ಬಂತು, ಬಾವಿಯ ಮೇಲೆ ಚಪ್ಪಡಿ ಬಂತು, ಕೊನೆಗೆ ಮನೆಯೇ ಹೋಯಿತು. ಅಮ್ಮನ ಬಗ್ಗೆ ಹದಿನಾಲ್ಕು ಪದ್ಯಗಳ ಒಂದು ಗುಚ್ಛ ಬರೆದೆ. ಬರೆದು ಮುಗಿಸಿ, ನಾನು ತುಂಬಾ ಗೌರವಿಸುವ ಒಬ್ಬ ಹಿರಿಯ ಕವಿಗೆ ಓದಲು ಕೊಟ್ಟೆ. ಒಂದು ವಾರ ಬಿಟ್ಟು ಫೋನ್ ಮಾಡಿದರು.

"ನೋಡಮ್ಮ, ಐದನೇ ಪದ್ಯದ ಹೊತ್ತಿಗೆ ನಂಗೆ ಅಭ್ಯಾಸ ಆಗಿಹೋಯ್ತು. ಆರನೇದರಲ್ಲಿ ಬಾವಿ ಎಲ್ಲಿ ಬರುತ್ತೆ ಅಂತ ಹುಡುಕಿಕೊಂಡೇ ಓದಿದೆ. ಬಂತು. ಸಿಕ್ತು ಅಂತ ಮುಂದಕ್ಕೆ ಹೋದೆ."

ಮೂರು ದಿನ ಆ ಕಾಗದಗಳನ್ನು ಮುಟ್ಟಲಿಲ್ಲ. ನಾಲ್ಕನೇ ದಿನ ಎಲ್ಲವನ್ನೂ ನೆಲದ ಮೇಲೆ ಹರಡಿದೆ. ಕೆಂಪು ಪೆನ್ಸಿಲ್ ಹಿಡಿದು 'ಬಾವಿ' ಅಂತ ಇರುವ ಕಡೆಯೆಲ್ಲ ಗೆರೆ ಎಳೆದೆ. ಹದಿನಾಲ್ಕರಲ್ಲಿ ಹನ್ನೊಂದು ಪದ್ಯ, ಒಟ್ಟು ಇಪ್ಪತ್ಮೂರು ಸಲ. ಆದರೆ ಎಷ್ಟು ಸಲ ಅನ್ನುವುದು ದೊಡ್ಡ ತೊಂದರೆ ಆಗಿರಲಿಲ್ಲ. ಪ್ರತಿ ಗೆರೆಯ ಪಕ್ಕ, ಇಲ್ಲಿ ಬಾವಿ ಯಾವ ಕೆಲಸ ಮಾಡುತ್ತಿದೆ ಅಂತ ಎರಡು ಪದದಲ್ಲಿ ಬರೆಯುತ್ತಾ ಹೋದೆ. 'ಅಮ್ಮನ ಮೌನ'. 'ಅಮ್ಮನ ಮೌನ'. 'ನೆನಪು'. 'ಅಮ್ಮನ ಮೌನ'. ಹನ್ನೊಂದು ಪದ್ಯಗಳಲ್ಲಿ ಒಂಬತ್ತರ ಪಕ್ಕ ಅದೇ ಎರಡು ಪದ. ಬಾವಿ ಮತ್ತೆ ಮತ್ತೆ ಬರುತ್ತಿತ್ತು, ಆದರೆ ಒಂದು ಸಲ ಬಂದು ಇನ್ನೊಂದು ಸಲ ಬರುವ ನಡುವೆ ಅದಕ್ಕೆ ಏನೂ ಆಗುತ್ತಿರಲಿಲ್ಲ.

ನಿಜವಾದ ಬಾವಿಗೆ ಏನೇನೋ ಆಗುತ್ತೆ ಅಲ್ವಾ. ಬೇಸಿಗೆಯಲ್ಲಿ ನೀರು ಕೆಳಗೆ ಹೋಗುತ್ತೆ, ಹಗ್ಗಕ್ಕೆ ಇನ್ನೊಂದು ಮಾರು ಕಟ್ಟಬೇಕಾಗುತ್ತೆ. ಹೂಳು ತುಂಬುತ್ತೆ. ಗೋಡೆಯ ಸಂದಿಯಲ್ಲಿ ಅರಳಿ ಗಿಡ ಹುಟ್ಟುತ್ತೆ. ಕೊಡ ಬೀಳುತ್ತೆ. ನನ್ನ ಪದ್ಯಗಳ ಬಾವಿಗೆ ಇದ್ಯಾವುದೂ ಆಗಿರಲಿಲ್ಲ, ಅದು ಬರಿ ಅರ್ಥ ಹೊತ್ತುಕೊಂಡು ನಿಂತಿತ್ತು.

ಆ ಹಳೆಯ ಸಾಲುಗಳನ್ನು ಓದುತ್ತೇನೆ, ಕೇಳಿ.

"ಅಮ್ಮನ ಎದೆಯೊಂದು ಮೌನದ ಬಾವಿ
ಇಣುಕಿದಷ್ಟೂ ಕತ್ತಲು"

ಇದು ಎರಡನೇ ಪದ್ಯದ್ದು. ಏಳನೆಯದರಲ್ಲಿ:

"ನೆನಪಿನ ಬಾವಿಗೆ ಹಗ್ಗ ಇಳಿಸಿ
ಮೊಗೆದೆ ನಿನ್ನ ಹೆಸರು"

ಕನ್ನಡದಲ್ಲಿ ನಮಗೆ ತುಂಬಾ ಸುಲಭವಾಗಿ ಸಿಗುವ ಒಂದು ಜೋಡಣೆ ಇದು. ಕಣ್ಣಿಗೆ ಕಾಣದ ಒಂದು ಪದ ತಗೊಳ್ಳಿ, ಅದಕ್ಕೆ 'ದ' ಅಥವಾ 'ಇನ' ಹಚ್ಚಿ, ಮುಂದೆ ಒಂದು ವಸ್ತುವಿನ ಹೆಸರು ಇಡಿ. ಮೌನದ ಬಾವಿ, ನೆನಪಿನ ದೋಣಿ, ಒಲವಿನ ಹಣತೆ, ನೋವಿನ ನದಿ. ಷಷ್ಠಿ ವಿಭಕ್ತಿ ಇಷ್ಟು ಚಿಕ್ಕದಾಗಿ, ಇಷ್ಟು ನುಣ್ಣಗೆ ಇರುವುದರಿಂದ ಕೈ ತಾನಾಗಿಯೇ ಬರೆದುಬಿಡುತ್ತೆ. ಒಂದು ಪದ್ಯದಲ್ಲಿ ಒಮ್ಮೆ ಇದ್ದರೆ ಓದುಗ ಸಹಿಸಿಕೊಳ್ಳಬಹುದು. ಒಂದು ಗುಚ್ಛದಲ್ಲಿ ಮಾತ್ರ ಇದು ಪ್ರತೀಕವನ್ನು ಕೊಂದೇ ಹಾಕುತ್ತೆ. ಯಾಕೆ ಅಂದರೆ 'ಮೌನದ ಬಾವಿ' ಅಂದ ಕ್ಷಣ ಬಾವಿ ಏನು ಅಂತ ನೀವೇ ಹೇಳಿಬಿಟ್ಟಿರಿ. ಮುಂದಿನ ಹನ್ನೆರಡು ಪದ್ಯಗಳಲ್ಲಿ ಅದು ಎಲ್ಲಿ ಬಂದರೂ ಓದುಗ ಆ ಚೀಟಿಯನ್ನೇ ಅಂಟಿಸಿಕೊಂಡು ಓದುತ್ತಾನೆ. ನೀವು ಹೊಸದೇನಾದರೂ ಹೇಳಲು ಹೋದರೂ ಅವನಿಗೆ ಕೇಳಿಸುವುದಿಲ್ಲ.

ಇದನ್ನು ಕಂಡುಹಿಡಿಯಲು ನಾನು ಮಾಡಿದ ಪರೀಕ್ಷೆ ಸುಲಭದ್ದು. ಆ ಜಾಗದಲ್ಲಿ ಇನ್ನೊಂದು ವಸ್ತು ಇಟ್ಟು ಓದೋದು. "ಅಮ್ಮನ ಎದೆಯೊಂದು ಮೌನದ ಕಡಲು". ನಿಲ್ಲುತ್ತೆ. "ಮೌನದ ಗುಹೆ". ಅದೂ ನಿಲ್ಲುತ್ತೆ, 'ಇಣುಕಿದಷ್ಟೂ ಕತ್ತಲು' ಅದಕ್ಕೆ ಇನ್ನೂ ಚೆನ್ನಾಗಿಯೇ ಹೊಂದುತ್ತೆ. ಅಂದರೆ ಆ ಸಾಲಿನಲ್ಲಿ ಬಾವಿ ಇರಲೇ ಇಲ್ಲ, ಬಾವಿ ಅನ್ನುವ ಪದ ಮಾತ್ರ ಇತ್ತು. ಇಪ್ಪತ್ಮೂರು ಕಡೆ ಹೀಗೆ ಕಡಲು ಹಾಕಿ ನೋಡಿದೆ. ಹದಿನೇಳು ಕಡೆ ಪದ್ಯಕ್ಕೆ ಏನೂ ಆಗಲಿಲ್ಲ. ಆ ಹದಿನೇಳನ್ನೂ ಹೊಡೆದು ಹಾಕಿದೆ.

ಇಲ್ಲಿ ಒಂದು ಮಾತು ಸೇರಿಸಬೇಕು. ಮತ್ತೆ ಮತ್ತೆ ಬಂದರೂ ಸವೆಯದ ಒಂದು ವಿಷಯ ನಮ್ಮಲ್ಲೇ ಇದೆಯಲ್ಲ, ವಚನದ ಅಂಕಿತ. ಬಸವಣ್ಣನವರ ಕೂಡಲಸಂಗಮದೇವ, ಅಕ್ಕನ ಚೆನ್ನಮಲ್ಲಿಕಾರ್ಜುನ, ಅಲ್ಲಮನ ಗುಹೇಶ್ವರ. ನೂರಾರು ವಚನಗಳಲ್ಲಿ ಸಾಮಾನ್ಯವಾಗಿ ಕೊನೆಯಲ್ಲೇ ಬಂದು ನಿಲ್ಲುತ್ತೆ, ಆದರೂ ಸಾಕಪ್ಪಾ ಅನ್ನಿಸುವುದಿಲ್ಲ. ಅದು ಕರೆಯುವ ಹೆಸರು. ಅಮ್ಮಾ ಅಂತ ದಿನಕ್ಕೆ ಐವತ್ತು ಸಲ ಕರೆದರೂ ಅದು ಹಳತಾಗುವುದಿಲ್ಲ, ಹಾಗೆ. ನಾನು ಬಾವಿಯನ್ನು ಅಂಕಿತದ ಥರ ಬಳಸುತ್ತಿದ್ದೆ, ಪ್ರತಿ ಪದ್ಯದ ಕೊನೆಯಲ್ಲಿ ಬಂದು ಮೊಹರು ಒತ್ತುವ ಹಾಗೆ. ಆದರೆ ಅದು ಕರೆಯಲ್ಲ, ವಸ್ತು. ವಸ್ತು ಪ್ರತಿ ಸಲ ಅದೇ ಜಾಗದಲ್ಲಿ ಅದೇ ಭಂಗಿಯಲ್ಲಿ ಕೂತರೆ ಗೋಡೆಯ ಕ್ಯಾಲೆಂಡರ್ ಆಗುತ್ತೆ, ಯಾರೂ ನೋಡುವುದಿಲ್ಲ.

ಸರಿ, ಹೊಡೆದು ಹಾಕಿದ ಮೇಲೆ ಏನು ಮಾಡಿದೆ? ಪದ್ಯಗಳನ್ನು ಪಕ್ಕಕ್ಕಿಟ್ಟು ಬಾವಿಯ ಜೀವನಚರಿತ್ರೆ ಬರೆದೆ. ಗದ್ಯದಲ್ಲಿ, ಒಂದು ಪುಟ. ಅಮ್ಮ ಬಂದಾಗ ಅದು ಹೇಗಿತ್ತು, ಯಾವಾಗ ಏನು ಬಿತ್ತು, ಯಾವಾಗ ಮುಚ್ಚಿದರು, ಯಾವಾಗ ತುಂಬಿದರು. ಆ ಪುಟದಿಂದ ಐದು ಸಂಗತಿ ಆರಿಸಿಕೊಂಡೆ. ಗುಚ್ಛದ ಒಂದು, ಮೂರು, ಎಂಟು, ಒಂಬತ್ತು, ಹದಿಮೂರನೇ ಪದ್ಯಗಳಲ್ಲಿ ಅವು ಬಂದವು. ಅರ್ಥದ ಬಗ್ಗೆ ಒಂದು ಮಾತೂ ಆಡಬಾರದು, ಬಾವಿಗೆ ಏನಾಯಿತು ಅಷ್ಟೇ ಹೇಳಬೇಕು ಅಂತ ನಿರ್ಧಾರ ಮಾಡಿದೆ.

ಮೊದಲನೆಯದು ಹೀಗಾಯಿತು:

"ಆರು ಕೊಡ ಬಚ್ಚಲಿಗೆ
ಎರಡು ಅಡುಗೆಮನೆಗೆ
ತುಳಸಿಗೆ ಅಂತ ಅರ್ಧ
ಉಳಿದರ್ಧ ಕಾಲಿಗೆ.
ಅಮ್ಮ ಬಾವಿಕಟ್ಟೆ ಇಳಿದಾಗ
ಹಾಲಿನವನು ಇನ್ನೂ ಬಂದಿಲ್ಲ."

ಇಲ್ಲಿ ಯಾವ ಹೋಲಿಕೆಯೂ ಇಲ್ಲ. ಮೊದಲ ಸಲ ಬರುವಾಗ ಪ್ರತೀಕ ಬರಿ ವಸ್ತುವಾಗಿ ಬರಬೇಕು, ನೀರು ಕೊಡಬೇಕು. ಕಡಲು ಹಾಕಿ ಓದಿ ನೋಡಿ, ಕಡಲಿಗೆ ಕಟ್ಟೆ ಇಲ್ಲ, ಆರು ಕೊಡದ ಲೆಕ್ಕ ಇಲ್ಲ. ಪದ್ಯ ಬಿದ್ದು ಹೋಗುತ್ತೆ. ಅದೇ ಬೇಕಾಗಿದ್ದು.

ಮೂರನೆಯದರಲ್ಲಿ ಕೊಡ ಬೀಳುತ್ತೆ. ಇಲ್ಲಿ ಎಷ್ಟು ಜನ ಪಾತಾಳಗರಡಿ ನೋಡಿದ್ದೀರಿ? ನಾಲ್ಕು ಕೈ. ನೋಡದವರಿಗೆ ಹೇಳುತ್ತೇನೆ. ಕಬ್ಬಿಣದ ಒಂದು ಬಳೆ, ಅದಕ್ಕೆ ಸುತ್ತ ನೇತಾಡುವ ಕೊಕ್ಕೆಗಳು. ಅದನ್ನು ಹಗ್ಗಕ್ಕೆ ಕಟ್ಟಿ ತಳದ ತನಕ ಇಳಿಸಿ, ನಿಧಾನವಾಗಿ ಅತ್ತ ಇತ್ತ ಎಳೆಯಬೇಕು. ಏನೂ ಕಾಣಿಸುವುದಿಲ್ಲ. ಕಲ್ಲಿಗೆ ತಗುಲಿತಾ, ಕೆಸರಾ, ಕೊಡದ ಕಂಠವಾ ಅನ್ನುವುದು ಹಗ್ಗ ಹಿಡಿದ ಕೈಗೆ ಮಾತ್ರ ಗೊತ್ತಾಗುತ್ತೆ. ಬೀದಿಗೆ ಒಂದು ಮನೆಯಲ್ಲಿ ಇರುತ್ತಿತ್ತು, ಬೇಕಾದವರು ಹೋಗಿ ಇಸಿದುಕೊಂಡು ಬರುತ್ತಿದ್ದರು.

"ಮೂರು ಸಲ ಬರಿ ಕೆಸರು.
ನಾಲ್ಕನೇ ಸಲ ಬಾವಿಯಿಂದ ಬಂದದ್ದು
ನಮ್ಮ ಕೊಡವಲ್ಲ, ಒಂದು ಚೊಂಬು.
ಅಜ್ಜಿ ಗುರುತು ಹಿಡಿದಳು.
ಮಾತಾಡಲಿಲ್ಲ."

ಯಾರ ಚೊಂಬು ಅಂತ ಮೊದಲ ಕರಡಿನಲ್ಲಿ ಬರೆದಿದ್ದೆ. ತೆಗೆದೆ. ಕನ್ನಡದ ಓದುಗರಿಗೆ ಬಾವಿ ಮತ್ತು ಹೆಣ್ಣು ಒಟ್ಟಿಗೆ ಬಂದರೆ ಎದೆಯಲ್ಲಿ ಏನೋ ಆಗುತ್ತೆ, ಅದನ್ನು ನಾವು ಹೊಸದಾಗಿ ಹುಟ್ಟಿಸಬೇಕಾಗಿಲ್ಲ. 'ಕೆರೆಗೆ ಹಾರ'ದ ಭಾಗೀರಥಿಯನ್ನು ಕೇಳಿ ಬೆಳೆದವರು ನಾವು, ಕೆರೆಗೆ ನೀರು ಬರಲೆಂದು ಕಿರಿಯ ಸೊಸೆಯನ್ನು ಕೊಟ್ಟ ಕಥೆ ಅದು. ಬಾವಿಗೆ ಬಿದ್ದಳು ಅನ್ನುವ ಸುದ್ದಿ ಕೇಳದ ಊರೇ ಇಲ್ಲ. ಬಾವಿಯ ನೀರು ಮುಟ್ಟಲು ಬಿಡದ ಜಾತಿಯ ಕ್ರೌರ್ಯವೂ ಅದೇ ಕಟ್ಟೆಯ ಮೇಲೆ ನಡೆದದ್ದು. ಇಷ್ಟೆಲ್ಲ ಭಾರ ಓದುಗರೇ ಹೊತ್ತು ತಂದಿರುತ್ತಾರೆ. ನಾನು ಅದರ ಮೇಲೆ ಇನ್ನೊಂದು ಹೊರೆ ಹೇರಿದರೆ ಪದ್ಯ ಕೂರುತ್ತೆ. ಅಜ್ಜಿ ಸುಮ್ಮನಾದಳು ಅಂದರೆ ಸಾಕು. ಒಂದೇ ಎಚ್ಚರ ಅಂದರೆ, ನಿಮಗೆ ಆ ನೆರಳು ಬೇಡದಿದ್ದರೂ ಅದು ಬರುತ್ತೆ. ಬಾವಿಯ ಪಕ್ಕ ಹೆಣ್ಣೊಬ್ಬಳನ್ನು ನಿಲ್ಲಿಸಿ ಬರಿ ಬೆಳದಿಂಗಳ ಪದ್ಯ ಬರೆಯುತ್ತೇನೆ ಅಂದರೆ ಆಗುವುದಿಲ್ಲ.

ಈಗ ಎಂಟನೇ ಪದ್ಯ. ಇದರ ಮೇಲೆ ನಾನು ಅತಿ ಜಾಸ್ತಿ ಸಮಯ ಕಳೆದದ್ದು. ಮೂರಕ್ಕೂ ಎಂಟಕ್ಕೂ ನಡುವೆ ನಾಲ್ಕು ಪದ್ಯಗಳಲ್ಲಿ ಬಾವಿಯ ಸುಳಿವೇ ಇಲ್ಲ. ಅಮ್ಮನಿಗೆ ಅರವತ್ತೆಂಟು ವರ್ಷ. ಒಂದು ಕಚೇರಿಯಲ್ಲಿ ಬೆರಳಚ್ಚಿನ ಯಂತ್ರ ಅವಳ ಬೆರಳನ್ನು ಓದುತ್ತಿಲ್ಲ. ಇದು ನಿಜವಾಗಿ ನಡೆದದ್ದು, ಕೈ ಸವೆಸಿ ದುಡಿದ ಎಷ್ಟೋ ಜನರಿಗೆ ಹೀಗಾಗುತ್ತೆ. ಮೊದಲ ಕರಡು ಹೀಗಿತ್ತು:

"ಯಂತ್ರಕ್ಕೇನು ಗೊತ್ತು
ಈ ಬೆರಳ ಗೆರೆಗಳನ್ನು ತಿಂದದ್ದು
ಹದಿನೆಂಟು ವರ್ಷದ ಬಾವಿ"

ಕೊನೆಯ ಪದ ನೋಡಿ. ನಮ್ಮ ಭಾಷೆಯಲ್ಲಿ ಕ್ರಿಯಾಪದ ಕೊನೆಗೆ ಬರೋದು ರೂಢಿ. ಅದನ್ನು ಮುರಿದು ಒಂದು ಹೆಸರನ್ನು ಸಾಲಿನ ತುದಿಗೆ ತಂದರೆ ಅದರ ಮೇಲೆ ದೀಪ ಹಿಡಿದ ಹಾಗೆ. 'ಬಾವಿಗೆ ಹಗ್ಗ ಇಳಿಯಿತು' ಅನ್ನೋದು ಒಂದು ಸಂಗತಿ, 'ಹಗ್ಗ ಇಳಿಯಿತು ಬಾವಿಗೆ' ಅನ್ನೋದು ಒಂದು ಘೋಷಣೆ. ನನ್ನ ಇಪ್ಪತ್ಮೂರು ಬಾವಿಗಳಲ್ಲಿ ಹದಿನಾಲ್ಕು ಸಾಲಿನ ತುದಿಯಲ್ಲಿದ್ದವು. ಪ್ರತಿ ಸಲವೂ ಡೋಲು ಬಾರಿಸಿದ ಹಾಗೆ. ಹಿರಿಯರು ಹುಡುಕಿಕೊಂಡು ಓದಿದ್ದರಲ್ಲಿ ಆಶ್ಚರ್ಯ ಇಲ್ಲ.

ಎರಡನೇ ಕರಡಿನಲ್ಲಿ ಬಾವಿ ತೆಗೆದು ಹಗ್ಗ ಉಳಿಸಿದೆ. "ಈ ಗೆರೆಗಳನ್ನು ತಿಂದದ್ದು ಹಗ್ಗ". ಸ್ವಲ್ಪ ವಾಸಿ, ಆದರೆ ಇನ್ನೂ ನಾನೇ ಪಕ್ಕದಲ್ಲಿ ನಿಂತು ವಿವರಿಸುತ್ತಿದ್ದೇನೆ. ಆಮೇಲೆ ನೆನಪಾಯಿತು, ಆ ದಿನ ಅಮ್ಮ ಆ ಹುಡುಗನಿಗೆ ಏನೋ ಹೇಳಿದ್ದಳಲ್ಲ. ಮೂರನೇ ಕರಡು:

"ಇನ್ನೊಂದು ಸಲ ಒತ್ತಿ ಅಮ್ಮ.
ಇನ್ನೊಂದು ಬೆರಳು.
ಗೆರೆಯೇ ಸಿಗ್ತಿಲ್ಲ ಅಮ್ಮ.
ಎಲ್ಲ ಹಗ್ಗಕ್ಕೆ ಹೋಯ್ತಪ್ಪ, ಅಂದಳು
ಕೈ ಸೆರಗಿಗೆ ಒರೆಸಿಕೊಂಡು."

ಗುಚ್ಛದೊಳಗೆ ಇದು ಕೆಲಸ ಮಾಡಿತು, ಯಾಕೆಂದರೆ ಮೂರನೇ ಪದ್ಯದಲ್ಲಿ ಹಗ್ಗ ಹಿಡಿದ ಕೈ ಬಂದಿದೆ. ಆದರೆ ಇದೊಂದನ್ನೇ ಒಂದು ಪತ್ರಿಕೆಗೆ ಕಳಿಸಿದಾಗ ಯಾವ ಹಗ್ಗ ಅಂತ ಓದಿದವರಿಗೆ ಗೊತ್ತಾಗಲಿಲ್ಲ. ಒಬ್ಬರು ಹೂ ಕಟ್ಟುವವಳು ಅಂದುಕೊಂಡರು. ಇದು ನಿಜವಾದ ತೊಡಕು. ಪ್ರತೀಕವನ್ನು ಮುಚ್ಚಿಟ್ಟಷ್ಟೂ ಗುಚ್ಛ ಗಟ್ಟಿಯಾಗುತ್ತೆ, ಆದರೆ ಬಿಡಿ ಪದ್ಯ ಕುಂಟುತ್ತೆ. ಬಾವಿ ಅಂತ ವಾಪಸ್ ಬರೆಯಲು ಮನಸ್ಸಿರಲಿಲ್ಲ. ಕೊನೆಗೆ ಒಂದು ಕ್ರಿಯಾಪದ ಕಾಪಾಡಿತು. "ಸೇದಿ ಸೇದಿ ಎಲ್ಲ ಹಗ್ಗಕ್ಕೆ ಹೋಯ್ತಪ್ಪ." ಸೇದೋದು ಅನ್ನುವ ಮಾತು ನಲ್ಲಿಗಿಲ್ಲ, ಕೆರೆಗಿಲ್ಲ, ಹೊಳೆಗಿಲ್ಲ. ಹಗ್ಗದ ಜೊತೆ ಸೇದಿ ಅಂದರೆ ಬಾವಿ ಅಲ್ಲೇ ನಿಂತಿರುತ್ತೆ, ಹೆಸರು ಹೇಳದೆ. ಪ್ರತೀಕದ ಹೆಸರು ಕೈ ಕೊಟ್ಟಾಗ ಅದಕ್ಕೆ ಮಾತ್ರ ಸೇರಿದ ಕ್ರಿಯಾಪದ ಯಾವುದು ಅಂತ ಹುಡುಕಿ. ಅಮ್ಮಂದಿರ ಬಾಯಲ್ಲಿ ಸಿಗುತ್ತೆ.

ಒಂಬತ್ತನೆಯದು ಇದರ ಬೆನ್ನಿಗೇ ಬರುತ್ತೆ. ಬೇಕಂತಲೇ ಹಾಗೆ ಇಟ್ಟೆ. ಸರಿಯಾಗಿ ಮೂರು ಮೂರು ಪದ್ಯ ಬಿಟ್ಟು ಬಂದಿದ್ದರೆ ಗಡಿಯಾರದ ಹಾಗೆ ಆಗುತ್ತಿತ್ತು, ಓದುಗ ಎಣಿಸಲು ಶುರು ಮಾಡುತ್ತಾನೆ.

"ಚಪ್ಪಡಿಯ ಮೇಲೆ ತಮ್ಮನ ಸ್ಕೂಟರು.
ಸ್ಟ್ಯಾಂಡ್ ಹಾಕಿದರೆ
ನೆಲಕ್ಕಿಂತ ಬೇರೆ ಸದ್ದು."

ಪದ್ಯ ಇನ್ನೂ ಉದ್ದ ಇದೆ, ಉಳಿದದ್ದು ತಮ್ಮನ ಕೆಲಸದ ಬಗ್ಗೆ. ಬಾವಿಗೆ ಮೂರು ಸಾಲು ಸಾಕು. ಪ್ರತೀಕ ಇರುವ ಪದ್ಯ ಪ್ರತೀಕದ ಬಗ್ಗೆಯೇ ಆಗಬೇಕು ಅಂತಿಲ್ಲ.

ಹದಿಮೂರರಲ್ಲಿ ಬಾವಿಯನ್ನು ತುಂಬುತ್ತಾರೆ. ಮನೆ ಕೊಂಡವರು ಅಪಾರ್ಟ್‌ಮೆಂಟ್ ಕಟ್ಟಬೇಕು. ಮೊದಲು ನಾನು 'ನೂರು ಲೋಡು ಮಣ್ಣು' ಅಂತ ಬರೆದಿದ್ದೆ, ನೋವು ದೊಡ್ಡದಾಗಿ ಕಾಣಲಿ ಅಂತ. ಆಮೇಲೆ ಕೂತು ಲೆಕ್ಕ ಹಾಕಿದೆ. ಐದು ಅಡಿ ಅಗಲ, ಮೂವತ್ತೈದು ಅಡಿ ಆಳದ ಬಾವಿಯ ಒಳಗೆ ಹಿಡಿಯೋದು ಸುಮಾರು 690 ಘನ ಅಡಿ. ಒಂದು ಟ್ರ್ಯಾಕ್ಟರ್ ಟ್ರಾಲಿಯಲ್ಲಿ ನೂರು ಘನ ಅಡಿ ಆಸುಪಾಸು ಮಣ್ಣು ಬರುತ್ತೆ. ಅಂದರೆ ಏಳು ಟ್ರ್ಯಾಕ್ಟರ್, ಅಷ್ಟೇ. ಹದಿನೆಂಟು ವರ್ಷ ಸೇದಿದ್ದು ಒಂದು ಮಧ್ಯಾಹ್ನದಲ್ಲಿ ತುಂಬಿಹೋಗುತ್ತೆ. ಈ ಏಳು ನನ್ನ ನೂರಕ್ಕಿಂತ ಎಷ್ಟೋ ಜಾಸ್ತಿ ನೋಯಿಸಿತು.

"ಒಂದು ಟ್ರ್ಯಾಕ್ಟರು ಎಲ್ಲಿ ಹೋಯಿತೋ ತಿಳಿಯಲಿಲ್ಲ
ಎರಡಕ್ಕೆ ನೀರು ಮೇಲೆ ಬಂತು
ಆರಕ್ಕೆ ಬಾಯಿ ಮುಚ್ಚಿತು
ಏಳನೆಯದು ಇಲ್ಲಿಗೆ ಅರ್ಧ
ಉಳಿದರ್ಧ ಗೇಟಿನ ಹಳ್ಳಕ್ಕೆ."

ಮೊದಲ ಪದ್ಯದ 'ಉಳಿದರ್ಧ ಕಾಲಿಗೆ' ನೆನಪಾಯಿತಾ? ಅಲ್ಲಿ ಕೊಡಗಳ ಲೆಕ್ಕ, ಇಲ್ಲಿ ಮಣ್ಣಿನ ಲೆಕ್ಕ. ಎರಡು ಪದ್ಯಗಳನ್ನು ಕಟ್ಟುತ್ತಿರುವುದು ಎಣಿಕೆ ಮತ್ತು ಆ ಒಂದು ಪದ. ಹದಿಮೂರರಲ್ಲಿ 'ಬಾವಿ' ಅನ್ನುವ ಪದವೇ ಇಲ್ಲ. ಇಡೀ ಗುಚ್ಛದಲ್ಲಿ ಈಗ ಆ ಪದ ಎರಡೇ ಸಲ ಬರುತ್ತೆ, ಮೊದಲ ಪದ್ಯದಲ್ಲಿ ಕಟ್ಟೆಯ ಜೊತೆ, ಮೂರರಲ್ಲಿ ಚೊಂಬಿನ ಜೊತೆ. ಈ ಐದು ಪದ್ಯಗಳನ್ನು ಹಿಂದೆ ಮುಂದೆ ಮಾಡಿ ಓದಲು ಈಗ ಆಗುವುದಿಲ್ಲ, ಮುಚ್ಚಿದ ಮೇಲೆ ಸೇದಲು ಬರಲ್ಲ. ಹಳೆಯ ಹನ್ನೊಂದನ್ನು ಹೇಗೆ ಬೇಕಾದರೂ ಕಲೆಸಬಹುದಿತ್ತು. ನಿಮ್ಮ ಗುಚ್ಛವನ್ನು ಒಮ್ಮೆ ಹೀಗೆ ಕಲೆಸಿ ನೋಡಿ, ಯಾವ ಕ್ರಮದಲ್ಲಿಟ್ಟರೂ ಒಂದೇ ಅನ್ನಿಸಿದರೆ ಪ್ರತೀಕ ಇನ್ನೂ ನಡೆಯಲು ಶುರು ಮಾಡಿಲ್ಲ.

ದೀಪದ ಬಗ್ಗೆಯೂ ಕೇಳಿದ್ದಿರಿ. ಅದು ಬಾವಿಗಿಂತ ಕಷ್ಟ. ಹಣತೆ ಅಂದ ಕೂಡಲೇ ಎಲ್ಲರಿಗೂ ಜಿ.ಎಸ್. ಶಿವರುದ್ರಪ್ಪನವರ ಪದ್ಯ ನೆನಪಾಗುತ್ತೆ, ಕತ್ತಲು-ಬೆಳಕಿನ ಜೋಡಿ ತಾನಾಗಿ ಬಂದು ಕೂರುತ್ತೆ. ನಾನಾದರೆ ಬೆಳಕನ್ನು ಬಿಟ್ಟು ಶುರು ಮಾಡುತ್ತೇನೆ. ಗೂಡಿನ ಮೇಲಿನ ಮಸಿ, ಎಣ್ಣೆ ಕುಡಿದು ಕಪ್ಪಾದ ಕಲ್ಲು, ಬತ್ತಿ ಹೊಸೆದು ಹೊಸೆದು ನುಣುಪಾದ ತೊಡೆ. ದೀಪ ಆರಿಸಿದೆವು ಅಂತ ಹಿರಿಯರು ಹೇಳುತ್ತಿರಲಿಲ್ಲ, ಶಾಂತ ಮಾಡು ಅನ್ನುತ್ತಿದ್ದರು. ಆ ಕ್ರಿಯಾಪದದಲ್ಲೇ ಒಂದು ಪದ್ಯ ಇದೆ.

ಕೊನೆಗೆ ಪ್ರಶ್ನೆಗಳು. ಒಬ್ಬ ಹುಡುಗ ಕೇಳಿದ, "ಮೇಡಂ, ಹದಿಮೂರರಲ್ಲಿ ಬಾವಿ ಮುಚ್ಚಿದ ಮೇಲೆ ಹದಿನಾಲ್ಕರಲ್ಲಿ ಏನಿದೆ?"

ಬಾವಿ ಇಲ್ಲ ಅಂದೆ. ಗುಚ್ಛ ಪ್ರತೀಕದ ಮೇಲೆ ಮುಗಿದರೆ ಬಾಗಿಲು ದಬಕ್ಕಂತ ಹಾಕಿದ ಹಾಗಾಗುತ್ತೆ ಅಂತ ಅದನ್ನು ಹದಿಮೂರಕ್ಕೆ ತಂದದ್ದು. ಹದಿನಾಲ್ಕರಲ್ಲಿ ಅಮ್ಮ ಏಳನೇ ಮಹಡಿಯಲ್ಲಿ ಲಿಫ್ಟಿಗೆ ಕಾಯುತ್ತಾ ನಿಂತಿದ್ದಾಳೆ, ಕೈಯಲ್ಲಿ ತರಕಾರಿ ಚೀಲ. ಎಂಟು ಸಾಲು. ಅದನ್ನು ಓದಿದೆ.

ಹಿಂದಿನ ಸಾಲಿನಲ್ಲಿ ಕೂತಿದ್ದ ಒಬ್ಬ ಹಿರಿಯ ಹೆಂಗಸು, ಇಡೀ ಬೆಳಗ್ಗೆ ಏನೂ ಮಾತಾಡದವರು, ಮೆಲ್ಲಗೆ ಅಂದರು, "ಲಿಫ್ಟಿಗೂ ರಾಟೆ ಇರುತ್ತೆ ಅಲ್ವೇನಮ್ಮಾ. ಅದೂ ಹಗ್ಗದ ಮೇಲೇ ಬರೋದು."

ಆ ಪದ್ಯದಲ್ಲಿ ರಾಟೆಯ ಸದ್ದಿನ ಬಗ್ಗೆ ಒಂದು ಸಾಲಿತ್ತು. ಹಿಂದಿನ ಮಂಗಳವಾರವಷ್ಟೇ ಅದನ್ನು ತೆಗೆದಿದ್ದೆ.